ಇಯರ್‌ಬಡ್ ಅಪ್‌ಡೇಟ್ ಅರ್ಧಕ್ಕೆ ನಿಂತಿತೇ? ಮೊದಲು ಎಲ್ಲಿ ನಿಂತಿದೆ ನೋಡಿ

ಮಡಿಕೇರಿಯ ನಮ್ಮ ಮೊಬೈಲ್ ರಿಪೇರಿ ಅಂಗಡಿಗೆ ಮಳೆಗಾಲದಲ್ಲಿ ಬರುವ ಇಯರ್‌ಬಡ್‌ಗಳ ಕತೆ ಹೆಚ್ಚುಕಮ್ಮಿ ಒಂದೇ. "ಅಪ್‌ಡೇಟ್ ಹಾಕಿದ್ದೆ. ಮಧ್ಯದಲ್ಲಿ ಕರೆಂಟ್ ಹೋಯ್ತು. ಆಮೇಲೆ ಆನ್ ಆಗ್ತಾ ಇಲ್ಲ." ಆಟಿ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಹೊಸದಲ್ಲ. ಹಾಗಾಗಿ ಎಲ್ಲದಕ್ಕೂ ಕರೆಂಟಿನ ಮೇಲೇ ಅನುಮಾನ. ಆದರೆ ಸ್ವಲ್ಪ ಯೋಚಿಸಿ. ಇಯರ್‌ಬಡ್‌ಗೆ ಅದರದ್ದೇ ಬ್ಯಾಟರಿ ಇದೆ, ಕೇಸ್‌ಗೆ ಇದೆ, ಫೋನ್‌ಗೂ ಇದೆ. ಗೋಡೆಯ ಕರೆಂಟ್ ಹೋದರೆ ಈ ಮೂರರಲ್ಲಿ ಯಾವುದೂ ಆ ಕ್ಷಣಕ್ಕೆ ಆಫ್ ಆಗುವುದಿಲ್ಲ. ಹಾಗಾದರೆ ಅಪ್‌ಡೇಟ್ ನಿಂತಿದ್ದು ಯಾಕೆ? ಅದನ್ನು ಕಂಡುಹಿಡಿಯದೆ ರೀಸೆಟ್ ಒತ್ತಿದರೆ, ಸರಿಹೋಗಬಹುದಾಗಿದ್ದ ಬಡ್ಸ್ ಇನ್ನಷ್ಟು ಗೋಜಲಾಗುತ್ತವೆ.

ಅಪ್‌ಡೇಟ್ ಅಂದರೆ ಮೂರು ಬೇರೆ ಕೆಲಸ

ಆ್ಯಪ್‌ನಲ್ಲಿ ಒಂದೇ ಗೆರೆ ಓಡುತ್ತದೆ, ಒಂದೇ ಶೇಕಡಾ ಲೆಕ್ಕ ಕಾಣುತ್ತದೆ. ಒಳಗೆ ನಡೆಯುವುದು ಮೂರು ಹಂತ.

ಮೊದಲನೆಯದು ಡೌನ್‌ಲೋಡ್. ಕಂಪನಿಯ ಸರ್ವರ್‌ನಿಂದ ಫರ್ಮ್‌ವೇರ್, ಅಂದರೆ ಬಡ್ ಒಳಗೆ ಓಡುವ ತಂತ್ರಾಂಶದ ಫೈಲ್ ನಿಮ್ಮ ಫೋನಿಗೆ ಬರುತ್ತದೆ. ಇದಕ್ಕೆ ಇಂಟರ್ನೆಟ್ ಬೇಕು, ಇಯರ್‌ಬಡ್‌ಗೆ ಇದರಲ್ಲಿ ಕೆಲಸವೇ ಇಲ್ಲ. ಇಲ್ಲಿ ನಿಂತರೆ ಬಡ್ಸ್‌ಗೆ ಏನೂ ಆಗಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ತೋಟದ ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಅಪ್‌ಡೇಟ್ ಒತ್ತಿದವರಲ್ಲಿ ಸುಮಾರು ಜನ ನಿಲ್ಲುವುದು ಇಲ್ಲೇ. ಕರೆಂಟ್ ಹೋದಾಗ ವೈಫೈ ರೂಟರ್ ಆಫ್ ಆಗುತ್ತದಲ್ವಾ, ಕರೆಂಟ್ ನೇರವಾಗಿ ತೊಂದರೆ ಕೊಡುವ ಜಾಗ ಇದೊಂದೇ. ಆ್ಯಪ್ ಮುಚ್ಚಿ, ಸಿಗ್ನಲ್ ಚೆನ್ನಾಗಿರುವ ಕಡೆಗೆ ಹೋಗಿ ಮತ್ತೆ ಶುರು ಮಾಡಿದರೆ ಸಾಕು.

ಎರಡನೆಯದು ವರ್ಗಾವಣೆ. ಫೋನಿನಿಂದ ಬ್ಲೂಟೂತ್ ಮೂಲಕ ಫೈಲ್ ಇಯರ್‌ಬಡ್ ಒಳಗೆ ಹೋಗುತ್ತದೆ. ತುಂಬಾ ಹೊತ್ತು ಹಿಡಿಯುವ ಹಂತ ಇದು. ಫೈಲ್ ಕೆಲವೇ ಎಂಬಿ ಇರುತ್ತದೆ, ಹಾಡು ಕೇಳುವಾಗ ಅಷ್ಟು ಡೇಟಾ ಆರಾಮಾಗಿ ಹರಿಯುತ್ತದೆ. ಅಪ್‌ಡೇಟ್ ಮಾತ್ರ ಹಾಗಲ್ಲ. ಸುಮಾರು ಮಾಡೆಲ್‌ಗಳು ಇದಕ್ಕೆ ಬ್ಲೂಟೂತ್ ಲೋ ಎನರ್ಜಿ ಎಂಬ, ಕಡಿಮೆ ಬ್ಯಾಟರಿ ತಿನ್ನುವ ದಾರಿ ಬಳಸುತ್ತವೆ. ಅದರಲ್ಲಿ ಫೈಲನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕಳಿಸಬೇಕು. ಹಳೆಯ ರೀತಿಯಲ್ಲಿ ಒಂದು ತುಂಡಿಗೆ 20 ಬೈಟ್, ಹೊಸದರಲ್ಲಿ 200ಕ್ಕೂ ಜಾಸ್ತಿ. ಬಂದ ತುಂಡುಗಳನ್ನು ಬಡ್ ತನ್ನ ಮೆಮೊರಿಯಲ್ಲಿ ಬರೆದುಕೊಳ್ಳುತ್ತಾ ಹೋಗಬೇಕು. ಆದ್ದರಿಂದ ಹತ್ತು ನಿಮಿಷದಿಂದ ಅರ್ಧ ಗಂಟೆ ಹಿಡಿದರೆ ಗಾಬರಿ ಬೇಡ.

ಈ ಹಂತದಲ್ಲಿ ನಿಂತುಹೋದರೂ ಬಡ್ಸ್ ಸಾಮಾನ್ಯವಾಗಿ ಉಳಿಯುತ್ತವೆ. ಕಾರಣ ಸರಳ. ಹೆಚ್ಚಿನ ಬಡ್ಸ್‌ಗಳ ಮೆಮೊರಿಯಲ್ಲಿ ಹೊಸ ಫರ್ಮ್‌ವೇರ್‌ಗೆ ಬೇರೆ ಜಾಗವೇ ಇರುತ್ತದೆ. ಹೊಸದು ಪೂರ್ತಿ ಬಂದು, ಸರಿಯಿದೆ ಅಂತ ಪರೀಕ್ಷೆ ಆಗುವವರೆಗೂ ಹಳೆಯದೇ ಓಡುತ್ತಿರುತ್ತದೆ. ಅರ್ಧ ಬಂದ ಫೈಲ್ ಸುಮ್ನೆ ಕಸ, ಮುಂದಿನ ಸಲ ಅದರ ಮೇಲೇ ಹೊಸದು ಬರೆಯುತ್ತದೆ. ಮೆಮೊರಿ ಕಡಿಮೆ ಇರುವ ತೀರಾ ಅಗ್ಗದ ಮಾಲಿನಲ್ಲಿ ಈ ಅನುಕೂಲ ಇಲ್ಲದಿರಬಹುದು. ಅಲ್ಲಿ ಹಳೆಯದರ ಮೇಲೇ ಹೊಸದನ್ನು ಬರೆಯುತ್ತಾರೆ, ಅರ್ಧಕ್ಕೆ ಬಿಟ್ಟರೆ ಅಪಾಯ.

ಮೂರನೆಯದು ಪರೀಕ್ಷೆ, ಅಳವಡಿಕೆ ಮತ್ತು ರೀಸ್ಟಾರ್ಟ್. ಶೇಕಡಾ 100 ಆದ ಮೇಲೆ ಬಡ್ಸ್ ಫೋನಿನಿಂದ ಕಳಚಿಕೊಳ್ಳುತ್ತವೆ, ದೀಪ ಬೇರೆ ರೀತಿ ಮಿನುಗುತ್ತದೆ ಅಥವಾ ಸ್ವಲ್ಪ ಹೊತ್ತು ಆರಿಹೋಗುತ್ತದೆ. "ಸತ್ತೇ ಹೋಯ್ತು" ಅಂತ ಜನ ಬಟನ್ ಒತ್ತುವುದು ಈಗಲೇ. ನಿಜವಾಗಿ ಕೈ ಹಿಂದೆ ಇಟ್ಟುಕೊಳ್ಳಬೇಕಾದ ಹೊತ್ತು ಇದು. ಬ್ಯಾಟರಿ ಖಾಲಿಯಾಗಿ ಬಡ್ ಆಫ್ ಆದರೆ ನಿಜವಾದ ಹಾನಿ ಆಗಬಹುದಾದ ಜಾಗವೂ ಇದೇ. ಕೆಲವು ನಿಮಿಷದ ಕೆಲಸ. ನಾನಂತೂ ಅರ್ಧ ಗಂಟೆ ಕೇಸ್ ಮುಟ್ಟಲು ಬಿಡುವುದಿಲ್ಲ.

ಇನ್ನೊಂದು ಮಾತು. ಎಡ, ಬಲ ಬಡ್ ಎರಡೂ ಬೇರೆ ಬೇರೆ ಕಂಪ್ಯೂಟರ್‌ಗಳೇ. ಕೆಲವು ಮಾಡೆಲ್‌ಗಳಲ್ಲಿ ಒಂದು ಬಡ್ ಫೈಲ್ ತೆಗೆದುಕೊಂಡು ಇನ್ನೊಂದಕ್ಕೆ ದಾಟಿಸುತ್ತದೆ. ಇನ್ನು ಕೆಲವದರಲ್ಲಿ ಆ್ಯಪ್ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಕಳಿಸುತ್ತದೆ. ಅಂಥ ಕಡೆ ಗೆರೆ 100 ಮುಟ್ಟಿ ಮತ್ತೆ 0ಯಿಂದ ಶುರುವಾಗುತ್ತದೆ. ಅದು ಎರಡನೇ ಬಡ್‌ನ ಸರದಿ. ಹಾಳಾಗಿ ಮೊದಲಿನಿಂದ ಶುರುವಾಯಿತು ಅಂತ ಅಲ್ಲಿ ಆ್ಯಪ್ ಮುಚ್ಚಿದರೆ ಒಂದು ಬಡ್ ಹೊಸ ಆವೃತ್ತಿ, ಇನ್ನೊಂದು ಹಳೆಯದು ಆಗಿ ಕೂರುತ್ತದೆ.

ಸುಂಟಿಕೊಪ್ಪ ಕಡೆಯ ಒಂದು ಜೋಡಿ

ಸುಂಟಿಕೊಪ್ಪ ಹತ್ತಿರದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ತಮ್ಮ ಬಡ್ಸ್ ತಂದಿದ್ದರು. ಮಾಡೆಲ್ ಯಾವುದಾದರೂ ಇರಲಿ, ದೋಷದ ದಾರಿ ಮುಖ್ಯ. ರಾತ್ರಿ ಅಪ್‌ಡೇಟ್ ಹಾಕಿದ್ದಾರೆ. ಅರ್ಧ ದಾಟುವಾಗ ಕರೆಂಟ್ ಹೋಗಿದೆ. ಸ್ವಲ್ಪ ಹೊತ್ತಿಗೆ ಗೆರೆ ನಿಂತಿದೆ. ಬೆಳಿಗ್ಗೆ ನೋಡಿದರೆ ಎಡಗಡೆ ಮಾತ್ರ ಹಾಡುತ್ತದೆ. ಮಾರನೇ ದಿನ ಎರಡೂ ಇಲ್ಲ, ಕೇಸ್ ದೀಪವೂ ಇಲ್ಲ.

"ಅಣ್ಣ, ಇದು ಮುಗಿದ ಹಾಗೇ ಅಲ್ವಾ?"

"ಇರಿ ರೈಟರೇ. ಅದು ನಿಂತಾಗ ಫೋನಿನಲ್ಲಿ ಚಾರ್ಜ್ ಎಷ್ಟಿತ್ತು?"

ಸ್ವಲ್ಪ ಯೋಚಿಸಿ ಹೇಳಿದರು. ಮಧ್ಯಾಹ್ನದಿಂದಲೇ ಕರೆಂಟ್ ಬಂದು ಹೋಗಿ ಮಾಡುತ್ತಿತ್ತು, ಫೋನ್ ಸರಿಯಾಗಿ ಚಾರ್ಜ್ ಆಗಿರಲಿಲ್ಲ, ಕೆಂಪು ಗುರುತು ಬಂದಿತ್ತು. ಇಲ್ಲಿಗೆ ಮೊದಲ ಗಂಟು ಬಿಚ್ಚಿತು. ಡೌನ್‌ಲೋಡ್ ಆಗಲೇ ಮುಗಿದಿತ್ತು, ಏಕೆಂದರೆ ಆ್ಯಪ್‌ನಲ್ಲಿ "ಇಯರ್‌ಬಡ್‌ಗೆ ಕಳಿಸಲಾಗುತ್ತಿದೆ" ಎಂಬರ್ಥದ ಸಾಲು ಬಂದಿತ್ತು. ಅಂದರೆ ರೂಟರ್ ಆಫ್ ಆದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಚಾರ್ಜ್ ಕಡಿಮೆಯಾದಾಗ ಅವರ ಫೋನ್ ತಾನೇ ಬ್ಯಾಟರಿ ಸೇವರ್‌ಗೆ ಹೋಗುವಂತೆ ಸೆಟ್ ಆಗಿತ್ತು. ಅವರು ಸ್ಕ್ರೀನ್ ಆರಿಸಿ ಮಲಗಿದರು. ಆ ಸ್ಥಿತಿಯಲ್ಲಿ ಫೋನ್ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸುತ್ತದೆ. ನಿಂತದ್ದು ಆ್ಯಪ್, ಬಡ್ಸ್ ಅಲ್ಲ.

ಎರಡನೇ ಗಂಟು ಅವರದ್ದೇ ಕೈಕೆಲಸ. ಬೆಳಿಗ್ಗೆ ಎದ್ದು, ಆ್ಯಪ್ ತೆರೆದು, ಅಪ್‌ಡೇಟ್ ಮತ್ತೆ ಒತ್ತಿದ್ದಾರೆ. ಈ ಸಲ ಎಡಗಡೆಯದು ಮುಗಿದಿದೆ. ಗೆರೆ ಮತ್ತೆ 0ಗೆ ಬಂದಾಗ "ಮತ್ತೆ ಅದೇ ಕತೆ" ಅಂತ ಬಲಗಡೆ ಬಡ್ ಕೇಸ್‌ನಿಂದ ತೆಗೆದು ಕಿವಿಗೆ ಹಾಕಿಕೊಂಡಿದ್ದಾರೆ. ಎಡ ಹೊಸದು, ಬಲ ಹಳೆಯದು. ಆವೃತ್ತಿ ಬೇರೆಯಾದರೆ ಕೆಲವು ಮಾಡೆಲ್‌ಗಳಲ್ಲಿ ಎರಡು ಬಡ್‌ಗಳ ನಡುವಿನ ಜೋಡಣೆ ಆಗುವುದೇ ಇಲ್ಲ. ಅದಕ್ಕೇ ಒಂದೇ ಕಡೆ ಹಾಡು.

ಹಾಗಾದರೆ ಕೇಸ್ ದೀಪ ಯಾಕೆ ಆರಿತು? ಅಪ್‌ಡೇಟ್ ಕೇಸ್ ಬ್ಯಾಟರಿಯನ್ನು ಸಾಕಷ್ಟು ಕುಡಿದಿತ್ತು, ಅದು ಖಾಲಿ. ಅವರು ತೋಟದ ಆಫೀಸಿನಲ್ಲಿ, ಜನರೇಟರ್ ಇರುವಾಗ, ಅಲ್ಲಿದ್ದ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ್ದಾರೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಟೈಪ್-ಸಿ ಚಾರ್ಜರ್ ಸುಮ್ಮನೆ ವೋಲ್ಟೇಜ್ ಕೊಡುವುದಿಲ್ಲ. ಎದುರಿಗೆ ಚಾರ್ಜ್ ಬೇಕಾದ ಸಾಧನ ಇದೆಯೇ ಅಂತ ಮೊದಲು ನೋಡುತ್ತದೆ. ಸಾಧನದ ಒಳಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು, ಅದೇ ಗುರುತು. ಕೆಲವು ಅಗ್ಗದ ಕೇಸ್‌ಗಳಲ್ಲಿ ಅದನ್ನು ಹಾಕದೆ ಬಿಡುತ್ತಾರೆ. ಆಗ ಚಾರ್ಜರ್ "ಯಾರೂ ಇಲ್ಲ" ಅಂದುಕೊಂಡು ಕರೆಂಟ್ ಬಿಡುವುದೇ ಇಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ಚಾರ್ಜರ್ ಹಾಗಲ್ಲ, ಚುಚ್ಚಿದ ಕೂಡಲೇ 5 ವೋಲ್ಟ್ ಕೊಡುತ್ತದೆ. ಮನೆಯಲ್ಲಿ ಅವರದ್ದು ಅಂಥದ್ದೇ ಇದ್ದದ್ದರಿಂದ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಅಂಗಡಿಯ ಹಳೆಯ ಚಾರ್ಜರ್‌ಗೆ ಹಾಕಿದ ಸ್ವಲ್ಪ ಹೊತ್ತಿಗೆ ಕೇಸ್ ದೀಪ ಬಂತು. ಬಲಗಡೆ ಬಡ್ ಮಾತ್ರ ಚಾರ್ಜ್ ಆಗುತ್ತಿರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕೇಸ್ ಒಳಗಿನ ಪಿನ್ ಮೇಲೆ ಹಸಿರು ಪದರ. ಮಳೆಗಾಲದ ತೇವ, ಕಿವಿಯ ಬೆವರು ಸೇರಿ ಆಗುವುದು. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿದ ಹತ್ತಿಕಡ್ಡಿಯಲ್ಲಿ ಪಿನ್ ಮತ್ತು ಬಡ್‌ನ ಚುಕ್ಕೆ ಎರಡನ್ನೂ ಒರೆಸಿ, ಒಣಗಲು ಬಿಟ್ಟೆ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರನ್ನು ನೋಡಿದ್ದೇನೆ, ಅದು ಬೇಡ. ಒಳಗಿರುವುದು ಲಿಥಿಯಂ ಬ್ಯಾಟರಿ, ಒಣಮೆಣಸಲ್ಲ.

ಎರಡೂ ಬಡ್ ಪೂರ್ತಿ ಚಾರ್ಜ್ ಆದ ಮೇಲೆ ಫೋನಿನಲ್ಲಿದ್ದ ಹಳೆಯ ಜೋಡಣೆ ಅಳಿಸಿದೆ. ಮಾಡೆಲ್‌ನ ಕೈಪಿಡಿಯಲ್ಲಿ ಹೇಳಿದ ಹಾಗೆ ಫ್ಯಾಕ್ಟರಿ ರೀಸೆಟ್ ಮಾಡಿ ಹೊಸದಾಗಿ ಜೋಡಿಸಿದೆ. ಆ್ಯಪ್ ಬಲಗಡೆಯದು ಹಳೆಯದು ಅಂತ ಗುರುತಿಸಿ ಅಪ್‌ಡೇಟ್ ಕೊಟ್ಟಿತು. ಈ ಸಲ ಫೋನ್ ಚಾರ್ಜರ್‌ಗೆ ಹಾಕಿ, ಸ್ಕ್ರೀನ್ ಆರದಂತೆ ಇಟ್ಟು, ಮುಗಿಯುವವರೆಗೂ ಬಿಟ್ಟೆವು. ಎರಡೂ ಕಡೆ ಒಂದೇ ಆವೃತ್ತಿ ಸಂಖ್ಯೆ ಬಂತು. ನಾಲ್ಕು ಬೇರೆ ಬೇರೆ ದೋಷ ಒಂದರ ಮೇಲೊಂದು ಕೂತಿದ್ದವು. ಫರ್ಮ್‌ವೇರ್ ಕೆಟ್ಟಿದ್ದು ಒಂದೂ ಇರಲಿಲ್ಲ.

ನಿಮ್ಮ ಕೈಯಲ್ಲಿ ನಿಂತಿದ್ದರೆ

ಗೆರೆ ನಿಂತಂತೆ ಕಂಡರೆ ಮೊದಲು ಹದಿನೈದು ನಿಮಿಷ ಸುಮ್ಮನಿರಿ. ಶೇಕಡಾ ಒಂದಾದರೂ ಮುಂದೆ ಹೋಯಿತೇ ನೋಡಿ. ಹೋಗುತ್ತಿದ್ದರೆ ಅದು ನಿಂತಿಲ್ಲ, ನಿಧಾನ ಅಷ್ಟೇ. ಫೋನ್ ಕೇಸ್ ಪಕ್ಕದಲ್ಲೇ ಇರಲಿ. ಬಡ್ಸ್ ಲ್ಯಾಪ್‌ಟಾಪಿಗೋ ಟಿವಿಗೋ ಕೂಡ ಜೋಡಣೆಯಾಗಿದ್ದರೆ ಅದರ ಬ್ಲೂಟೂತ್ ಆಫ್ ಮಾಡಿ. ಎರಡು ಸಾಧನಕ್ಕೆ ಒಟ್ಟಿಗೆ ಅಂಟಿಕೊಂಡಿರುವ ಬಡ್ಸ್ ಅಪ್‌ಡೇಟ್ ಮಧ್ಯದಲ್ಲಿ ತಡವರಿಸುವುದು ಜಾಸ್ತಿ.

ಹದಿನೈದು ನಿಮಿಷದಲ್ಲಿ ಏನೂ ಅಲುಗಾಡಲಿಲ್ಲ, ಇನ್ನೂ ವರ್ಗಾವಣೆ ಹಂತದಲ್ಲೇ ಇದೆ ಅಂದರೆ ಆ್ಯಪ್ ಪೂರ್ತಿ ಮುಚ್ಚಿ. ಬಡ್ಸ್ ಕೇಸ್ ಒಳಗಿಟ್ಟು ಮುಚ್ಚಳ ಹಾಕಿ, ಕೆಲವು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಕೆಲವು ಮಾಡೆಲ್ ಅಪ್‌ಡೇಟ್‌ಗೆ ಮುಚ್ಚಳ ತೆರೆದಿರಬೇಕು, ಕೆಲವದಕ್ಕೆ ಬಡ್ಸ್ ಹೊರಗಿರಬೇಕು. ಇದನ್ನು ಆ್ಯಪ್ ಹೇಳಿದಂತೆಯೇ ಮಾಡಬೇಕು, ಊಹೆ ಬೇಡ. ಏರ್‌ಪಾಡ್ಸ್‌ನದ್ದು ಇನ್ನೂ ಬೇರೆ. ಅಲ್ಲಿ ಒತ್ತಲು ಬಟನ್ನೇ ಇಲ್ಲ. ಬಡ್ಸ್ ಕೇಸ್‌ನಲ್ಲಿಟ್ಟು, ಕೇಸ್ ಚಾರ್ಜರ್‌ಗೆ ಹಾಕಿ, ಮುಚ್ಚಳ ಮುಚ್ಚಿ, ವೈಫೈಗೆ ಸೇರಿದ ಐಫೋನ್ ಹತ್ತಿರ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಆಮೇಲೆ ಆವೃತ್ತಿ ಸಂಖ್ಯೆ ನೋಡಿಯೇ ಆಯಿತೋ ಇಲ್ಲವೋ ತಿಳಿಯುವುದು.

ಆ್ಯಪ್ ಬಡ್ಸ್ ಕಾಣುವುದೇ ಇಲ್ಲ ಅನ್ನುತ್ತಿದೆಯೇ? ಆದರೆ ಹಾಡು ಬರುತ್ತಿದೆಯೇ? ಹಾಗಿದ್ದರೆ ಅನುಮತಿ ನೋಡಿ. ಆಂಡ್ರಾಯ್ಡ್ 12ರಿಂದ ಆ್ಯಪ್‌ಗೆ "ಹತ್ತಿರದ ಸಾಧನಗಳು" ಎಂಬ ಅನುಮತಿ ಬೇಕು. ಅದಕ್ಕಿಂತ ಹಳೆಯ ಆಂಡ್ರಾಯ್ಡ್‌ನಲ್ಲಿ ಲೋ ಎನರ್ಜಿ ಹುಡುಕಾಟಕ್ಕೆ ಲೊಕೇಶನ್ ಅನುಮತಿ ಕೊಟ್ಟಿರಬೇಕು, ಲೊಕೇಶನ್ ಆನ್ ಕೂಡ ಇರಬೇಕು. ಹಾಡು ಹೋಗುವ ದಾರಿ ಬೇರೆ, ಆ್ಯಪ್ ಮಾತಾಡುವ ದಾರಿ ಬೇರೆ. ಅದಕ್ಕೇ ಒಂದು ಸರಿ, ಇನ್ನೊಂದು ಇಲ್ಲ.

ಅಪ್‌ಡೇಟ್ ಮುಗಿದ ಮೇಲೆ ಹೀಗಾದರೆ ಇನ್ನೊಂದು ಕಾರಣವೂ ಇರಬಹುದು. ಬಡ್ಸ್‌ನಲ್ಲಿ ಯಾವ ಯಾವ ಸೌಲಭ್ಯ ಇದೆ ಅಂತ ಫೋನ್ ಹಳೆಯ ಪಟ್ಟಿಯೊಂದನ್ನು ನೆನಪಿಟ್ಟುಕೊಂಡಿರುತ್ತದೆ. ಹೊಸ ಫರ್ಮ್‌ವೇರ್‌ನಲ್ಲಿ ಆ ಪಟ್ಟಿ ಬದಲಾಗಿರುತ್ತದೆ, ಫೋನ್ ಹಳೆಯದನ್ನೇ ಹುಡುಕುತ್ತದೆ. ಜೋಡಣೆ ಅಳಿಸಿ, ಫೋನ್ ರೀಸ್ಟಾರ್ಟ್ ಮಾಡಿ, ಮತ್ತೆ ಜೋಡಿಸಿದರೆ ಹೊಸ ಪಟ್ಟಿ ಬರುತ್ತದೆ.

ಏನು ಮಾಡಿದರೂ ಉಸಿರಿಲ್ಲ ಅನ್ನುವಾಗ

ದೀಪವೇ ಇಲ್ಲದಿದ್ದರೆ ಫರ್ಮ್‌ವೇರ್ ಯೋಚನೆ ಪಕ್ಕಕ್ಕಿಡಿ. ಮೊದಲು ಚಾರ್ಜ್. ಚಪ್ಪಟೆ ಯುಎಸ್‌ಬಿಯ ಹಳೆಯ ಚಾರ್ಜರ್, ಬೇರೆ ಕೇಬಲ್, ಶುದ್ಧವಾದ ಪಿನ್, ಒಂದು ಗಂಟೆ ಸಮಯ. ಪೂರ್ತಿ ಖಾಲಿಯಾದ ಬ್ಯಾಟರಿ ಮೊದಲ ಕೆಲವು ನಿಮಿಷ ದೀಪವನ್ನೂ ತೋರಿಸದೆ ಇರಬಹುದು.

ದೀಪ ಇದೆ, ಫೋನಿಗೆ ಕಾಣುವುದಿಲ್ಲ ಅಂದರೆ ಬಡ್ ಬದುಕಿದೆಯೇ ಅಂತ ತಿಳಿಯಲು ನಾನು `nRF Connect` ಎಂಬ ಉಚಿತ ಆ್ಯಪ್ ಬಳಸುತ್ತೇನೆ. ಸುತ್ತಲಿನ ಲೋ ಎನರ್ಜಿ ಸಾಧನಗಳನ್ನೆಲ್ಲ ಅದು ಸಿಗ್ನಲ್ ಬಲದ ಸಮೇತ ತೋರಿಸುತ್ತದೆ. ಹೆಸರು ಇಲ್ಲದೆ ಬರೀ ವಿಳಾಸ ಕಾಣಬಹುದು, ಯಾವುದು ನಮ್ಮದು ಅಂತ ತಿಳಿಯುವುದು ಹೇಗೆ? ಬಡ್ ಫೋನಿಗೆ ಒತ್ತಿ ಹಿಡಿದಾಗ ಅದರ ಸಂಖ್ಯೆ `-40 dBm` ಆಸುಪಾಸಿಗೆ ಏರುತ್ತದೆ. ಮುಚ್ಚಳ ಇರುವ ಸ್ಟೀಲ್ ಡಬ್ಬಿಯೊಳಗೆ ಹಾಕಿದರೆ `-80 dBm` ಕಡೆಗೆ ಜಾರುತ್ತದೆ ಅಥವಾ ಮಾಯವಾಗುತ್ತದೆ. ಡಬ್ಬಿಗೆ ಹಾಕಿ ತೆಗೆದಾಗ ಏರಿಳಿಯುವ ಸಾಲೇ ನಿಮ್ಮ ಬಡ್. ಹಾಗೆ ಒಂದು ಸಾಲು ಸಿಕ್ಕರೆ ಒಳಗಿನ ಚಿಪ್ ಓಡುತ್ತಿದೆ ಅಂತ ಅರ್ಥ. ತೊಂದರೆ ಜೋಡಣೆಯದ್ದು, ಅಥವಾ ಅದು ಅಪ್‌ಡೇಟ್‌ಗಾಗಿ ಕಾಯುತ್ತಾ ಕೂತಿದೆ. ಎರಡಕ್ಕೂ ಅಧಿಕೃತ ಆ್ಯಪ್ ತೆರೆದು ಮತ್ತೆ ಅಪ್‌ಡೇಟ್ ಕೊಡುವುದೇ ಮೊದಲ ಪ್ರಯತ್ನ, ಆಮೇಲೆ ಫ್ಯಾಕ್ಟರಿ ರೀಸೆಟ್. ಸಾಲು ಸಿಗಲಿಲ್ಲ ಅಂದ ಮಾತ್ರಕ್ಕೆ ಸತ್ತಿದೆ ಅನ್ನಬೇಡಿ, ಕೆಲವು ಬಡ್ಸ್ ಎಲ್ಲ ಹೊತ್ತೂ ಸಿಗ್ನಲ್ ಬಿಡುವುದಿಲ್ಲ. ಪೇರಿಂಗ್ ಸ್ಥಿತಿಗೆ ತಂದು ನೋಡಿ.

ತಲೆಯ ಮೇಲೆ ಹಾಕುವ ದೊಡ್ಡ ಹೆಡ್‌ಫೋನ್ ಆದರೆ ಒಂದೇ ಬಣ್ಣದ ದೀಪ ಹತ್ತಿಕೊಂಡು, ಯಾವ ಬಟನ್‌ಗೂ ಉತ್ತರಿಸದೆ ಕೂರುವುದುಂಟು. ಒಳಗಿನ ತಂತ್ರಾಂಶ ಸಿಕ್ಕಿಹಾಕಿಕೊಂಡಿದೆ. ಹಳೆಯ ಫೋನಿನಂತೆ ಬ್ಯಾಟರಿ ತೆಗೆಯಲು ಬರುವುದಿಲ್ಲ. ಪವರ್ ಬಟನ್ ಉದ್ದಕ್ಕೆ ಒತ್ತಿ ಹಿಡಿಯಿರಿ, ಚಾರ್ಜರ್ ಚುಚ್ಚಿ ತೆಗೆಯಿರಿ. ಆಗಲಿಲ್ಲ ಅಂದರೆ ದೀಪ ತಾನಾಗಿ ಆರುವವರೆಗೆ ಒಂದೆರಡು ದಿನ ಬಿಟ್ಟುಬಿಡಿ, ಆಮೇಲೆ ಪೂರ್ತಿ ಚಾರ್ಜ್ ಮಾಡಿ. ಬ್ಯಾಟರಿ ಖಾಲಿಯಾಗುವುದೇ ಅದಕ್ಕೆ ರೀಸೆಟ್. ಇದರಲ್ಲಿ ಎದ್ದು ಕೂತ ಹೆಡ್‌ಫೋನ್‌ಗಳು ಕಡಿಮೆಯಲ್ಲ. ಕೆಲವು ಕಂಪನಿಗಳು ಯುಎಸ್‌ಬಿ ತಂತಿಯಿಂದ ಕಂಪ್ಯೂಟರ್ ಮೂಲಕ ಅಪ್‌ಡೇಟ್ ಮಾಡುವ ದಾರಿ ಕೊಡುತ್ತವೆ. ಅದು ಇದ್ದರೆ ಬ್ಲೂಟೂತ್‌ಗಿಂತ ಅದನ್ನೇ ನಾನು ನಂಬುತ್ತೇನೆ. ಡೇಟಾ ತಂತಿ ಇರುವ ಕೇಬಲ್ ಬೇಕು, ಬರೀ ಚಾರ್ಜ್ ಮಾಡುವ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಏನೂ ಕಾಣುವುದಿಲ್ಲ.

ಎಲ್ಲಿಂದಲೋ ಸಿಕ್ಕ ಫರ್ಮ್‌ವೇರ್ ಫೈಲ್ ಮಾತ್ರ ಹಾಕಬೇಡಿ. ಒಂದೇ ಹೆಸರಿನ ಮಾಡೆಲ್ ಒಳಗೆ ಬೇರೆ ಚಿಪ್ ಇರಬಹುದು. ತಪ್ಪು ಫೈಲ್ ಒಳಗೆ ಹೋದರೆ ಅಂಗಡಿಯಲ್ಲಿ ನಾವೂ ಏನೂ ಮಾಡಲಾಗುವುದಿಲ್ಲ.

ಮತ್ತೆ ಅಪ್‌ಡೇಟ್ ಹಾಕುವಾಗ ಬಡ್ಸ್, ಕೇಸ್, ಫೋನ್ ಮೂರರಲ್ಲೂ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರಲಿ, ಬ್ಯಾಟರಿ ಸೇವರ್ ಆಫ್ ಇರಲಿ, ಈಗಿನ ಆವೃತ್ತಿ ಸಂಖ್ಯೆಯ ಸ್ಕ್ರೀನ್‌ಶಾಟ್ ಒಂದು ಇರಲಿ. ಆ ಸ್ಕ್ರೀನ್‌ಶಾಟ್ ಯಾಕೆ ಅಂದರೆ, ವಾರಂಟಿಯಲ್ಲಿ ಕಳಿಸಬೇಕಾದಾಗ ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಗುವಾಗ, ಯಾವ ಹಂತದಲ್ಲಿ ನಿಂತಿತು ಅಂತ ಬರೆದುಕೊಟ್ಟರೆ ಸರ್ವಿಸ್ ಸೆಂಟರ್‌ನವರು "ನೀರು ಹೋಗಿದೆ" ಅಂತ ಸಾಗಹಾಕುವುದು ಕಷ್ಟ. ಮಳೆಗಾಲದಲ್ಲಿ ಕೊಡಗಿನ ವಿಳಾಸ ನೋಡಿದರೆ ಆ ಮಾತು ಬೇಗ ಬಾಯಿಗೆ ಬರುತ್ತದೆ. ಕಂಪನಿಯೇ ಕೊಟ್ಟ ಅಪ್‌ಡೇಟ್‌ನಿಂದ ವಾರಂಟಿ ಒಳಗೆ ಕೆಟ್ಟದ್ದನ್ನು ಒಪ್ಪದಿದ್ದರೆ, ಬಿಲ್ ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು.